ಕರೆಂಟ್ ಪದೇ ಪದೇ ಹೋಗುವಲ್ಲಿ ಲ್ಯಾಪ್‌ಟಾಪಿಗೆ ಯುಪಿಎಸ್ ಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತೆ. ಮನೆಯಿಂದ ಕೆಲಸ. ಯುಪಿಎಸ್ ತಗೊಳ್ಳಲಾ, ಸರ್ಜ್ ಪ್ರೊಟೆಕ್ಟರ್ ಸಾಕಾ?

ಉತ್ತರ: ಲ್ಯಾಪ್‌ಟಾಪ್ ಬ್ಯಾಟರಿ ಚೆನ್ನಾಗಿದ್ದರೆ ಅದಕ್ಕೆ ಬೇರೆ ಯುಪಿಎಸ್ ಬೇಡ. ಕರೆಂಟ್ ಹೋದ ಕ್ಷಣ ಆಫ್ ಆಗೋದು ರೌಟರ್, ಅಲ್ವಾ? ಅದಕ್ಕೆ ಪುಟ್ಟ ರೌಟರ್ ಯುಪಿಎಸ್ ತಗೊಳ್ಳಿ. ಮೊದಲು ರೌಟರ್ ಅಡಾಪ್ಟರ್ ಮೇಲೆ ಏನು ಬರೆದಿದೆ ನೋಡಿ. ಹೆಚ್ಚಾಗಿ 12V 1A ಇರುತ್ತೆ, ಯುಪಿಎಸ್ ಔಟ್‌ಪುಟ್ಟೂ 12V ಇರಲೇಬೇಕು. ಡಬ್ಬಿ ಮೇಲಿನ 8800mAh ಅನ್ನೋದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕವಾದರೆ ಅದು ಸುಮಾರು 32 ವ್ಯಾಟ್-ಅವರ್. ರೌಟರ್ 8 ವ್ಯಾಟ್ ಎಳೆದರೆ, ನಷ್ಟ ಕಳೆದು ಮೂರು ಗಂಟೆ ಬರುತ್ತೆ.

ಸರ್ಜ್ ಪ್ರೊಟೆಕ್ಟರ್ ಬೇರೆ ಕೆಲಸಕ್ಕೆ. ಕರೆಂಟ್ ವಾಪಸ್ ಬರುವಾಗ ಏರುವ ವೋಲ್ಟೇಜಿನಿಂದ ಚಾರ್ಜರ್ ಉಳಿಸೋಕೆ ಅದು ಬೇಕು. ಆದರೆ ಜೌಲ್ ಎಷ್ಟು ಅಂತ ಬರೆಯದೇ ಇರೋ ಅಗ್ಗದ ಸ್ಪೈಕ್ ಗಾರ್ಡ್ ಎಷ್ಟೋ ಸಲ ಸುಮ್ನೆ ಎಕ್ಸ್‌ಟೆನ್ಷನ್ ಬೋರ್ಡ್ ಅಷ್ಟೇ. ಒಳ್ಳೆಯದರಲ್ಲೂ ಒಳಗಿನ ಭಾಗ ಪ್ರತಿ ಹೊಡೆತಕ್ಕೆ ಸ್ವಲ್ಪ ಸವೆಯುತ್ತೆ, ಪ್ರೊಟೆಕ್ಷನ್ ದೀಪ ಆರಿದರೆ ಬದಲಾಯಿಸಿ. ಇನ್ನೊಂದು ಮುಖ್ಯ ವಿಷಯ, ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ಹೆಚ್ಚುವರಿ ಕರೆಂಟನ್ನು ನೆಲಕ್ಕೆ ಇಳಿಸೋಕೆ ಆಗಲ್ಲ, ಹಾಗಾಗಿ ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ.

ಹತ್ತಿರದ ಸಿಡಿಲಿಗೆ ಇದ್ಯಾವುದೂ ತಡೆಯಲ್ಲ. ಗುಡುಗು ಶುರುವಾಗುವ ಮೊದಲೇ ಚಾರ್ಜರ್, ರೌಟರ್ ಪ್ಲಗ್ ಎರಡನ್ನೂ ಕಿತ್ತಿಡಿ, ಆಗ ಎರಡೂ ಬ್ಯಾಟರಿಯಲ್ಲೇ ಓಡಲಿ.