ಪಿಎಸ್2 ಹೊಸ ಟಿವಿಗೆ: ಡಬ್ಬಿಗಿಂತ ಮೊದಲು ಕೇಬಲ್

«ಅಟ್ಟದ ಮೇಲಿದ್ದ ಪಿಎಸ್2 ಇಳಿಸಿ ಹೊಸ 4ಕೆ ಟಿವಿಗೆ ಹಾಕಿದೆ. ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದೆ ಅಂತ ಹಳದಿ-ಬಿಳಿ-ಕೆಂಪು ವಯರನ್ನು ಎಚ್‌ಡಿಎಂಐ ಮಾಡುವ ಚಿಕ್ಕ ಡಬ್ಬಿ ತಂದೆ. ಚಿತ್ರ ಮಸುಕು, ಅಗಲಕ್ಕೆ ಎಳೆದ ಹಾಗಿದೆ, ಬಟನ್ ಒತ್ತಿದ ಮೇಲೆ ಹೊಡೆತ ತಡವಾಗಿ ಬೀಳುತ್ತೆ. ದುಬಾರಿ ಅಪ್‌ಸ್ಕೇಲರ್ ತಗೊಂಡ್ರೆ ಸರಿಹೋಗುತ್ತಾ?»

ಸರಿಹೋಗುತ್ತದೆ. ಆದರೆ ಆ ಹಳದಿ ವಯರನ್ನೇ ಇಟ್ಟುಕೊಂಡು, ಹಳೆಯ ಚಿತ್ರವನ್ನು ಹೊಸ ಟಿವಿಗೆ ತಕ್ಕಂತೆ ದೊಡ್ಡದು ಮಾಡುವ ಅಪ್‌ಸ್ಕೇಲರ್ ತಂದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ದಂಡ. ನಮ್ಮ ಮನೆಯಲ್ಲೂ ಅಣ್ಣನ ಕಾಲದ ಪಿಎಸ್2 ಸ್ಲಿಮ್ ಇದೆ. ಎರಡು ವರ್ಷದ ಹಿಂದೆ ಅದನ್ನು 43 ಇಂಚಿನ ಟಿವಿಗೆ ಜೋಡಿಸಹೊರಟಾಗ ನೀವು ಹೇಳಿದ ಮೂರೂ ತೊಂದರೆ ನನಗೂ ಬಂದಿದ್ದವು. ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಕನ್ಸೋಲಿನಿಂದ ಹೊರಟ ಸಿಗ್ನಲ್ಲಿನ ಹಿಂದೆಯೇ ನಡೆದು ನೋಡೋಣ.

ಮೊದಲು ಮಸುಕಿನ ಮಾತು. ಹಳದಿ ವಯರ್ ಅಂದರೆ ಕಾಂಪೋಸಿಟ್. ಚಿತ್ರದ ಬೆಳಕು-ನೆರಳು ಮತ್ತು ಬಣ್ಣ ಎರಡನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುತ್ತದೆ. ಬಣ್ಣ ಅಮೆರಿಕ-ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸುಮಾರು 3.58 ಮೆಗಾಹರ್ಟ್ಸ್, ನಮ್ಮ ಪಾಲ್ ಪದ್ಧತಿಯಲ್ಲಿ 4.43 ಮೆಗಾಹರ್ಟ್ಸ್ ಆವರ್ತನದ ಮೇಲೆ ಕೂತು ಬರುತ್ತದೆ. ಚಿತ್ರದ ಸಣ್ಣ ಸಣ್ಣ ವಿವರಗಳೂ ಅದೇ ಜಾಗದಲ್ಲಿ ಓಡಾಡುತ್ತವೆ. ಹಾಲು-ನೀರು ಬೆರೆತ ಮೇಲೆ ಅದನ್ನು ಪೂರ್ತಿ ಬೇರೆ ಮಾಡುವುದು ಯಾವ ಟಿವಿಗೂ ಯಾವ ಡಬ್ಬಿಗೂ ಆಗುವುದಿಲ್ಲ. ಆಟದ ಮೆನುವಿನಲ್ಲಿ ಕೆಂಪು ಅಕ್ಷರಗಳ ಅಂಚನ್ನು ಹತ್ತಿರದಿಂದ ನೋಡಿ, ಚುಕ್ಕೆಗಳು ಇರುವೆ ಸಾಲಿನಂತೆ ಹರಿಯುತ್ತಿರುತ್ತವೆ. ಬಲೆಬಲೆಯಾದ ಬೇಲಿ, ಸಣ್ಣ ಪಟ್ಟೆಯ ಬಟ್ಟೆ ಬಂದ ಕಡೆ ಕಾಮನಬಿಲ್ಲಿನ ಬಣ್ಣ ಮಿನುಗುತ್ತದೆ. ಅಪ್‌ಸ್ಕೇಲರ್ ಈ ಚುಕ್ಕೆಗಳನ್ನೂ ಚಿತ್ರವೆಂದೇ ತಿಳಿದು ದೊಡ್ಡದು ಮಾಡಿ ತೋರಿಸುತ್ತದೆ.

ಕಾಂಪೊನೆಂಟ್ ಕೇಬಲ್‌ನಲ್ಲಿ ಈ ಬೆರಕೆಯೇ ಇಲ್ಲ. ಹಸಿರು ತಂತಿಯಲ್ಲಿ ಬೆಳಕು-ನೆರಳು ಮತ್ತು ಸಿಂಕ್, ನೀಲಿ ಮತ್ತು ಕೆಂಪು ತಂತಿಗಳಲ್ಲಿ ಬಣ್ಣದ ವ್ಯತ್ಯಾಸಗಳು. ಅದಕ್ಕೇ ನಾನು ಮೊದಲು ಕೇಬಲ್ ಅಂತ ಹೇಳುವುದು. ನಿಮ್ಮ ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇರುವುದರಿಂದ ಇದರ ಇನ್ನೊಂದು ತುದಿ ಕಾಂಪೊನೆಂಟ್ ತೆಗೆದುಕೊಳ್ಳುವ ಅಪ್‌ಸ್ಕೇಲರಿಗೆ ಹೋಗುತ್ತದೆ. ಪಿಎಸ್2 ಮತ್ತು ಪಿಎಸ್3 ಎರಡರ ಹಿಂದಿರುವ ಎವಿ ಸಾಕೆಟ್ ಒಂದೇ ಬಗೆಯದು, ಹಾಗಾಗಿ ಅಂಗಡಿಯಲ್ಲಿ ಪಿಎಸ್3 ಕಾಂಪೊನೆಂಟ್ ಕೇಬಲ್ ಸಿಕ್ಕರೂ ನಿಮಗೆ ಸರಿಹೋಗುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಮ್ಮೆ ವಿಚಾರಿಸಿ. ಕೊಳ್ಳುವಾಗ ಐದು ಪಿನ್ ಇದೆಯೇ ಎಂದು ಎಣಿಸಿಕೊಳ್ಳಿ: ಹಸಿರು, ನೀಲಿ, ಕೆಂಪು ಚಿತ್ರಕ್ಕೆ, ಬಿಳಿ ಮತ್ತು ಇನ್ನೊಂದು ಕೆಂಪು ಧ್ವನಿಗೆ.

ಈ ಎರಡು ಕೆಂಪು ಪಿನ್‌ಗಳೇ ಬಹಳ ಜನರ ಸಮಯ ತಿನ್ನುತ್ತವೆ. ಅದಲು ಬದಲಾದರೆ ಚಿತ್ರದಲ್ಲಿ ಕೆಂಪು ಬಣ್ಣ ಸತ್ತು ಮುಖಗಳೆಲ್ಲ ಹಸಿರು-ನೀಲಿಯಾಗುತ್ತವೆ, ಒಂದು ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತದೆ. ಚಿತ್ರ ಸ್ಪಷ್ಟವಾಗಿದ್ದು ಬರೀ ಕಪ್ಪು-ಬಿಳುಪಾಗಿದ್ದರೆ ಹಸಿರು ಪಿನ್ ಹೋಗಿ ಹಳದಿ ಸಾಕೆಟ್ಟಿನಲ್ಲಿ ಕೂತಿದೆ ಎಂದರ್ಥ. ಕೆಲವು ಟಿವಿಗಳಲ್ಲಿ ಹಳದಿ-ಹಸಿರು ಎರಡಕ್ಕೂ ಒಂದೇ ಸಾಕೆಟ್ ಇರುತ್ತದೆ. ಅಲ್ಲಿ ಹೀಗಾದರೆ ಟಿವಿ ಇನ್ನೂ ಎವಿ ಎಂದುಕೊಂಡಿದೆ, ರಿಮೋಟಿನಲ್ಲಿ ಕಾಂಪೊನೆಂಟ್ ಆರಿಸಿ.

ಕೇಬಲ್ ಬದಲಿಸುವ ಮೊದಲು ಒಂದು ಕೆಲಸ ಬಾಕಿ ಇದೆ. ಹಳದಿ ವಯರ್ ಇನ್ನೂ ಇರುವಾಗಲೇ, ಡಿಸ್ಕ್ ಹಾಕದೆ ಪಿಎಸ್2 ಆನ್ ಮಾಡಿ `System Configuration` ಒಳಗೆ ಹೋಗಿ. ಅಲ್ಲಿ `Component Video Out` ಎಂಬುದು `RGB` ಎಂದಿದ್ದರೆ `Y Cb/Pb Cr/Pr` ಮಾಡಿ. ಇದನ್ನು ಮರೆತು ಹೊಸ ಕೇಬಲ್ ಹಾಕಿದರೆ ಹಸಿರು ಬಡಿದ ಚಿತ್ರ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಆಗ ಕೇಬಲ್ಲೇ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕೊಟ್ಟವರನ್ನು ನಾನು ನೋಡಿದ್ದೇನೆ.

ಇನ್ನು ತಡದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಡಬ್ಬಿ-ಡಬ್ಬಿಗೆ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಇರುವುದು.

ಪಿಎಸ್2ನ ಹೆಚ್ಚಿನ ಆಟಗಳು 480ಐ ಕೊಡುತ್ತವೆ, ಪಾಲ್ ಡಿಸ್ಕ್ ಆದರೆ 576ಐ. ಈ 'ಐ' ಅಂದರೆ ಇಂಟರ್‌ಲೇಸ್. ಒಂದು ಸಲ ಬೆಸ ಗೆರೆಗಳು, ಮುಂದಿನ ಸಲ ಸಮ ಗೆರೆಗಳು, ಹೀಗೆ ಅರ್ಧರ್ಧ ಚಿತ್ರ ಸೆಕೆಂಡಿಗೆ 60 ಸಲ, ಪಾಲ್‌ನಲ್ಲಿ 50 ಸಲ ಬರುತ್ತದೆ. ಹಳೆಯ ಡಬ್ಬಾ ಟಿವಿ ಬಂದದ್ದನ್ನು ಬಂದಹಾಗೇ ಬರೆದುಬಿಡುತ್ತಿತ್ತು. ಹೊಸ ಟಿವಿಗೆ ಪೂರ್ತಿ ಚಿತ್ರವೇ ಬೇಕು, ಆದ್ದರಿಂದ ನಡುವೆ ಯಾರಾದರೂ ಎರಡು ಅರ್ಧಗಳನ್ನು ಸೇರಿಸಲೇಬೇಕು. ಸುಮ್ಮನೆ ಹೆಣೆದರೆ ಓಡುವ ಪಾತ್ರದ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ, ಯಾಕೆಂದರೆ ಎರಡನೆಯ ಅರ್ಧ ಬರುವಷ್ಟರಲ್ಲಿ ಪಾತ್ರ ಮುಂದೆ ಸರಿದಿರುತ್ತದೆ. ಪ್ರತಿ ಅರ್ಧವನ್ನೂ ಬೇರೆಯಾಗಿ ಹಿಗ್ಗಿಸಿ ತೋರಿಸಿದರೆ ತಡ ಇರುವುದಿಲ್ಲ, ಆದರೆ ನಿಂತ ಅಕ್ಷರಗಳೂ ಮೇಲೆ-ಕೆಳಗೆ ನಡುಗುತ್ತವೆ. ಇದಕ್ಕೆ ಬಾಬ್ ಎನ್ನುತ್ತಾರೆ. ಒಳ್ಳೆಯ ಯಂತ್ರಗಳು ನಿಂತ ಭಾಗವನ್ನು ಹೆಣೆದು, ಚಲಿಸುವ ಭಾಗವನ್ನು ಮಾತ್ರ ಹಿಗ್ಗಿಸುತ್ತವೆ.

ನಿಮ್ಮ ಅಗ್ಗದ ಡಬ್ಬಿ ಇಡೀ ಚಿತ್ರವನ್ನು ನೆನಪಿನಲ್ಲಿ ಶೇಖರಿಸಿಕೊಂಡು, 1080ಪಿಗೆ ಎಳೆದು ಆಮೇಲೆ ಬಿಡುತ್ತದೆ. ಅಲ್ಲಿಂದ ಟಿವಿ ಮತ್ತೆ 4ಕೆಗೆ ಎಳೆಯುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್, ಎರಡು ಕಡೆ ಒಂದೆರಡು ಫ್ರೇಮ್ ನಿಂತರೂ ಫೈಟಿಂಗ್ ಆಟದಲ್ಲಿ ಕೈಗೆ ಗೊತ್ತಾಗುತ್ತದೆ.

ಪಿಎಸ್1 ಡಿಸ್ಕ್ ಹಾಕಿದರೆ ಕಥೆ ಇನ್ನೂ ಬೇರೆ. ಅವು ಬಹುಮಟ್ಟಿಗೆ 240ಪಿ, ಅಂದರೆ ಪ್ರತಿ ಸಲವೂ ಪೂರ್ತಿ ಚಿತ್ರವೇ ಬರುತ್ತದೆ. ಅಗ್ಗದ ಡಬ್ಬಿಗೆ ಇದು ತಿಳಿಯದೆ ಎರಡು ಬೇರೆ ಬೇರೆ ಚಿತ್ರಗಳನ್ನು ಬೆಸ-ಸಮ ಅರ್ಧಗಳೆಂದು ಭಾವಿಸಿ ಹೆಣೆಯುತ್ತದೆ. ಹಳೆಯ ಆಟಗಳಲ್ಲಿ ನೆರಳನ್ನು ಒಂದು ಫ್ರೇಮ್ ತೋರಿಸಿ ಮುಂದಿನದರಲ್ಲಿ ಮರೆಮಾಡಿ ಅರೆಪಾರದರ್ಶಕ ಮಾಡುತ್ತಿದ್ದರು. ಈ ಡಬ್ಬಿಯಲ್ಲಿ ಆ ನೆರಳು ಜಾಲರಿಯಂತೆ ಗೆರೆಗೆರೆಯಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ನಿಮ್ಮ ಡಬ್ಬಿಗೆ 240ಪಿ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡಲು ಅಂಥ ನೆರಳೊಂದು ಸಾಕು.

ಹಾಗಾದರೆ ಏನು ಕೊಳ್ಳಬೇಕು? ನಾನು ಮೊದಲು ಪಿಎಸ್2 ಹಿಂದಿನ ಸಾಕೆಟ್ಟಿಗೇ ನೇರ ಕೂರುವ ಬೆರಳುದ್ದದ ಎಚ್‌ಡಿಎಂಐ ಅಡಾಪ್ಟರ್ ಹಾಕಿ ನೋಡಿದೆ. ಅದು ಚಿತ್ರವನ್ನು ದೊಡ್ಡದು ಮಾಡುವುದಿಲ್ಲ, ಬಂದ ಕಾಂಪೊನೆಂಟನ್ನು ಡಿಜಿಟಲ್ ಮಾಡಿ ದಾಟಿಸುತ್ತದೆ ಅಷ್ಟೆ. ಮೇಲೆ ಹೇಳಿದ ಮೆನು ಬದಲಾವಣೆ ಇದಕ್ಕೂ ಬೇಕು. ಬಣ್ಣದ ಚುಕ್ಕೆಗಳು ಆ ಕ್ಷಣವೇ ಹೋದವು. ಆದರೆ 480ಐ ಹೆಣೆಯುವ ಕೆಲಸ ಟಿವಿಯ ಪಾಲಿಗೆ ಬಂತು, ನನ್ನ ಟಿವಿ ಅದನ್ನು ಚೆನ್ನಾಗಿ ಮಾಡಲಿಲ್ಲ. ಪಿಎಸ್1 ಆಟಕ್ಕೆ ಪರದೆ ಕಪ್ಪಾಯಿತು.

ಆಗ ಸಹಾಯಕ್ಕೆ ಬಂದದ್ದು 480ಪಿ. ಗ್ರಾನ್ ಟುರಿಸ್ಮೊ 4, ಗಾಡ್ ಆಫ್ ವಾರ್‌ನ ಎರಡು ಆಟಗಳು, ಇಂಥವುಗಳ ಎನ್‌ಟಿಎಸ್‌ಸಿ ಡಿಸ್ಕ್‌ಗಳು ಇಂಟರ್‌ಲೇಸ್ ಇಲ್ಲದ ಪೂರ್ತಿ ಚಿತ್ರವನ್ನೇ ಕೊಡಬಲ್ಲವು. ಕೆಲವಲ್ಲಿ ಆಟದ ಆಯ್ಕೆಗಳೊಳಗೆ ಇರುತ್ತದೆ. ಇನ್ನು ಕೆಲವಲ್ಲಿ ಆಟ ಶುರುವಾಗುವಾಗ ತ್ರಿಕೋನ ಮತ್ತು ಎಕ್ಸ್ ಬಟನ್ ಒತ್ತಿ ಹಿಡಿದರೆ ಪ್ರೋಗ್ರೆಸಿವ್ ಬೇಕೇ ಎಂದು ಕೇಳುತ್ತದೆ. ಗ್ರಾನ್ ಟುರಿಸ್ಮೊದಲ್ಲಿ 1080ಐ ಎಂದೂ ಇದೆ, ದೊಡ್ಡ ಅಂಕಿ ನೋಡಿ ಅದನ್ನು ಆರಿಸಬೇಡಿ, ಅದು ಮತ್ತೆ ಇಂಟರ್‌ಲೇಸೇ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾದ ಪಾಲ್ ಡಿಸ್ಕ್‌ಗಳಲ್ಲಿ ಈ ಸೌಲಭ್ಯವನ್ನು ಎಷ್ಟೋ ಕಡೆ ತೆಗೆದುಹಾಕಿದ್ದಾರೆ. ನೆನಪಿಡಿ, ಹಳದಿ ವಯರಿನಲ್ಲಿ 480ಪಿ ಹೋಗುವುದೇ ಇಲ್ಲ, ಆನ್ ಮಾಡಿದರೆ ಕಪ್ಪು ಪರದೆ.

ನಿಮ್ಮ ಆಟಗಳು ಬಹುಪಾಲು 480ಪಿ ಆಗಿದ್ದರೆ ಆ ಅಡಾಪ್ಟರ್ ಸಾಕು, ದುಬಾರಿಯದ್ದು ಬೇಡ. 480ಐ ಮತ್ತು ಪಿಎಸ್1 ಎರಡೂ ಇದ್ದರೆ ಮಾತ್ರ ಅಪ್‌ಸ್ಕೇಲರ್ ಯೋಚಿಸಿ. ಒಎಸ್‌ಎಸ್‌ಸಿ ಎಂಬುದು ಗೆರೆಗಳನ್ನು ಬಂದಹಾಗೇ ಗುಣಿಸಿ ಕಳಿಸುತ್ತದೆ, ತಡ ಇಲ್ಲವೆಂದೇ ಹೇಳಬಹುದು, 240ಪಿಗೆ ಬಹಳ ಸೊಗಸು. ಆದರೆ 480ಐಗೆ ಅದರಲ್ಲಿರುವುದು ಬಾಬ್ ಮಾತ್ರ, ಆ ನಡುಕ ಪಿಎಸ್2 ಆಡುವವರಿಗೆ ಬೇಸರ ತರಿಸುತ್ತದೆ. ರೆಟ್ರೊಟಿಂಕ್ 2ಎಕ್ಸ್ ಕೂಡ ಹೀಗೇ, ಗೆರೆಗಳನ್ನು ಇಮ್ಮಡಿ ಮಾಡಿ 480ಪಿ ಕೊಡುತ್ತದೆ. ಪಿಎಸ್2ಗಾಗಿಯೇ ಕೊಳ್ಳುವುದಾದರೆ 2021ರಲ್ಲಿ ಬಂದ ರೆಟ್ರೊಟಿಂಕ್ 5ಎಕ್ಸ್ ಪ್ರೊ ನನ್ನ ಆಯ್ಕೆ. ಚಲನೆ ನೋಡಿ ಹೆಣೆಯುವ ವಿದ್ಯೆ ಅದರಲ್ಲಿದೆ, 240ಪಿಯನ್ನು ಸರಿಯಾಗಿ ಗುರುತಿಸುತ್ತದೆ, 1080ಪಿ ಹೊರಗೆ ಕೊಡುತ್ತದೆ, ಕನ್ಸೋಲಿನ ವೇಗಕ್ಕೇ ಹೊಂದಿಕೊಂಡು ಚಿತ್ರ ಬಿಡುವ ಫ್ರೇಮ್ ಲಾಕ್‌ನಲ್ಲಿ ಅದು ಸೇರಿಸುವ ತಡ ಒಂದು ಫ್ರೇಮಿಗಿಂತ ಕಡಿಮೆ. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಗಲಕ್ಕೆ ಎಳೆದದ್ದಕ್ಕೆ ಕಾಸು ಖರ್ಚಿಲ್ಲ. ಆಟದೊಳಗೆ 16:9 ಆಯ್ಕೆ ಇದ್ದರೆ ಹಾಕಿ, ಇಲ್ಲದಿದ್ದರೆ ಟಿವಿಯನ್ನು 4:3 ಮಾಡಿ. ಎರಡು ಬದಿ ಕಪ್ಪು ಬಂದರೆ ಅದೇ ಸರಿ. ಕೆಲವು ಟಿವಿಗಳು ಎಚ್‌ಡಿಎಂಐಯಲ್ಲಿ 1080ಪಿ ಬಂದಾಗ 4:3 ಆಯ್ಕೆಯನ್ನೇ ತೋರಿಸುವುದಿಲ್ಲ. ಅಂಥ ಕಡೆ ಅಪ್‌ಸ್ಕೇಲರಿನ ಮೆನುವಿನಲ್ಲೇ 4:3 ಇಡಬೇಕು. ಅಗ್ಗದ ಡಬ್ಬಿಯಲ್ಲಿ ಅದಕ್ಕೂ ದಾರಿ ಇರುವುದಿಲ್ಲ. ಟಿವಿಯ ಗೇಮ್ ಮೋಡ್ ಅನ್ನು ಆ ಎಚ್‌ಡಿಎಂಐ ಪೋರ್ಟಿಗೆ ಆನ್ ಮಾಡಿ, ಚಲನೆ ನುಣುಪು ಮಾಡುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ.

ಹೊಸದನ್ನು ಕೊಳ್ಳುವ ಮುಂಚೆ ನಿಮ್ಮ ತಡ ಎಲ್ಲಿ ಹುಟ್ಟುತ್ತಿದೆ ಎಂದು ಅಳೆಯಿರಿ. ಫೋನಿನ ಕ್ಯಾಮರಾದಲ್ಲಿ 240 ಫ್ರೇಮಿನ ಸ್ಲೋ ಮೋಷನ್ ಇಟ್ಟು, ಹೆಬ್ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಹತ್ತು ಸಲ ಹೊಡೆತದ ಬಟನ್ ಒತ್ತಿ. ಬಟನ್ ತಳ ಮುಟ್ಟಿದ್ದರಿಂದ ಪಾತ್ರ ಅಲುಗಾಡುವವರೆಗಿನ ಫ್ರೇಮ್‌ಗಳನ್ನು ಎಣಿಸಿ ಸರಾಸರಿ ತೆಗೆಯಿರಿ. ಒಂದೊಂದು ಸುಮಾರು 4.2 ಮಿಲಿಸೆಕೆಂಡ್. ಆಟಕ್ಕೂ ತನ್ನದೇ ತಡ ಇರುತ್ತದೆ, ಆದ್ದರಿಂದ ಒಟ್ಟು ಅಂಕಿಗಿಂತ ಎರಡು ಜೋಡಣೆಗಳ ನಡುವಿನ ವ್ಯತ್ಯಾಸ ಮುಖ್ಯ. ನನ್ನಲ್ಲಿ ಅಗ್ಗದ ಡಬ್ಬಿಗೂ 480ಪಿ ಅಡಾಪ್ಟರಿಗೂ ನಡುವೆ ಎಂಟು ಫ್ರೇಮ್ ವ್ಯತ್ಯಾಸ ಬಂತು, ಅಂದರೆ ಸುಮಾರು 33 ಮಿಲಿಸೆಕೆಂಡ್. ಮೊದಲು ಗೇಮ್ ಮೋಡ್ ಇಲ್ಲದೆ, ಆಮೇಲೆ ಹಾಕಿ ಅಳೆಯಿರಿ. ಅಷ್ಟಕ್ಕೇ ತಡ ಬಹುಪಾಲು ಇಳಿದರೆ ಅದು ಟಿವಿಯದ್ದು, ನೀವು ಆ ಅಡಾಪ್ಟರಿಗಷ್ಟೇ ಖರ್ಚು ಮಾಡಿದರೆ ಸಾಕು.