ಹದಿನೆಂಟು ಇಂಚಿನ ಚೈನ್ ನಿಮಗೆ ಬೇರೆ, ತಂಗಿಗೆ ಬೇರೆ

ಸಂಪಾದಕರಿಗೆ ನಮಸ್ಕಾರ. ನನ್ನ ಹತ್ತಿರ 18 ಇಂಚಿನ, 9 ಗ್ರಾಮಿನ ಒಂದು ಚೈನ್ ಇದೆ. ನನ್ನ ತಂಗಿ ಹಾಕಿಕೊಂಡರೆ ಪದಕ ಎದೆಯ ಮೇಲೆ ಚೆನ್ನಾಗಿ ಕೂರುತ್ತೆ. ನನಗೆ ಮಾತ್ರ ಕುತ್ತಿಗೆಗೇ ಹತ್ತಿಕೊಳ್ಳುತ್ತೆ. ನನ್ನ ಕುತ್ತಿಗೆ ಗಿಡ್ಡ, ಸ್ವಲ್ಪ ದಪ್ಪ. ದಾರ ಸುತ್ತಿ ಅಳೆದರೆ ನನಗೆ 15.5 ಇಂಚು, ತಂಗಿಗೆ 13 ಇಂಚು. ಅಣ್ಣನ ಮಗಳ ಮದುವೆಗೆ ಇದನ್ನು ಕರಗಿಸಿ ಹೊಸದು ಮಾಡಿಸೋಣ ಅಂತಿದ್ದೇನೆ. ಅಂಗಡಿಯಲ್ಲಿ ಚೋಕರ್, ಪ್ರಿನ್ಸೆಸ್, ಮ್ಯಾಟಿನಿ ಅಂತ ಏನೇನೋ ಹೇಳಿದರು, ತಲೆಬುಡ ತಿಳಿಯಲಿಲ್ಲ. ಬ್ಲೌಸಿಗೆ ದುಂಡು ನೆಕ್, ಮುಂದೆ 7 ಇಂಚು ಇಡಿಸಿದ್ದೇನೆ. ಎಷ್ಟು ಇಂಚು ಮಾಡಿಸಲಿ? ಅಡ್ಡಿಕೆ ಹಾಕಿಕೊಳ್ಳುವ ಆಸೆಯೂ ಇದೆ, ನನಗೆ ಒಪ್ಪುತ್ತಾ?
— ಓದುಗರೊಬ್ಬರು, ದಾವಣಗೆರೆ

ನಮಸ್ಕಾರ. ಪತ್ರ ಬರೆಯುವ ಮೊದಲೇ ದಾರ ಸುತ್ತಿ ಅಳತೆ ತೆಗೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ದಯವಿಟ್ಟು ಚೈನನ್ನು ಈಗಲೇ ಕರಗಿಸಲು ಕೊಡಬೇಡಿ. ಯಾಕೆ ಅಂತ ಕೊನೆಗೆ ಬರುತ್ತೇನೆ.

ಮೊದಲು ಆ ಹೆಸರುಗಳು. ಚೋಕರ್, ಪ್ರಿನ್ಸೆಸ್, ಮ್ಯಾಟಿನಿ, ಆಪೆರಾ, ರೋಪ್ ಎಲ್ಲವೂ ಪಾಶ್ಚಾತ್ಯ ದೇಶಗಳ ಮುತ್ತಿನ ಸರಗಳ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಹೆಸರುಗಳು. ಕುತ್ತಿಗೆಯನ್ನು ಅಪ್ಪಿಕೊಂಡು ಕೂರುವುದು ಚೋಕರ್, ಸಾಮಾನ್ಯವಾಗಿ 14ರಿಂದ 16 ಇಂಚು. ಅದಕ್ಕಿಂತ ಗಿಡ್ಡದ್ದನ್ನು ಕಾಲರ್ ಅನ್ನುತ್ತಾರೆ. 18 ಇಂಚಿನ ಆಸುಪಾಸಿನದು ಪ್ರಿನ್ಸೆಸ್. 20ರಿಂದ 24 ಇಂಚು ಮ್ಯಾಟಿನಿ. 28ರಿಂದ 36ರವರೆಗೆ ಆಪೆರಾ, ಅದನ್ನೂ ದಾಟಿದ ಉದ್ದದ ಸರ ರೋಪ್. ಅಂಗಡಿಯಿಂದ ಅಂಗಡಿಗೆ ಒಂದೆರಡು ಇಂಚು ಆಚೀಚೆ ಹೇಳುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರು ಕೇಳಿ ಕೊಳ್ಳುವ ಬದಲು ಇಂಚು ಕೇಳಿ ಕೊಳ್ಳಿ.

ನಮ್ಮಲ್ಲಿ ಆಭರಣಕ್ಕೆ ಹೆಸರು ಬಂದದ್ದು ಉದ್ದದಿಂದ ಅಲ್ಲ, ರೂಪದಿಂದ. ಅವಲಕ್ಕಿ ಸರ, ಕಾಸಿನ ಸರ, ಗುಂಡಿನ ಸರ ಅಂದಾಗ ಅದು ಎಲ್ಲಿಯವರೆಗೆ ಇಳಿಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಆದರೆ ಅಡ್ಡಿಕೆ ಅಂದರೆ ಕತ್ತಿಗೆ ಹತ್ತಿ ಕೂರುವುದು, ಹಾರ ಅಂದರೆ ಕೆಳಗೆ ಇಳಿಯುವುದು ಅಂತ ಎಲ್ಲರಿಗೂ ಗೊತ್ತು. ಕೊಡಗಿನ ಕೊಕ್ಕೆತಾತಿಯೂ ಇಳಿಬೀಳುವ ಸಾಲಿಗೇ ಸೇರಿದ್ದು. ನಮ್ಮ ಎಷ್ಟೋ ಹಳೆಯ ಒಡವೆಗಳಿಗೆ ಹಿಂದೆ ದಾರ ಕಟ್ಟುವ ಪದ್ಧತಿ ಇದೆ. ದಾರ ಎಳೆದರೆ ಮೇಲೆ, ಸಡಿಲ ಬಿಟ್ಟರೆ ಕೆಳಗೆ. ಹಾಗಾಗಿ ಇಂಚಿನ ಲೆಕ್ಕ ಅಷ್ಟಾಗಿ ಬೇಕಾಗುತ್ತಿರಲಿಲ್ಲ. ಕೊಂಡಿ ಹಾಕಿದ ಮಷಿನ್ ಚೈನಿಗೆ ಆ ಅನುಕೂಲ ಇಲ್ಲ. ಅದರ ಉದ್ದ ಅಷ್ಟೇ.

ಈಗ ನಿಮ್ಮ 18 ಇಂಚಿಗೆ ಬರೋಣ. ಚೈನಿನ ಪೂರ್ತಿ ಉದ್ದ ಕೆಳಗೆ ಇಳಿಯುವುದಿಲ್ಲ. ಮೊದಲು ಕುತ್ತಿಗೆಯ ಬುಡವನ್ನು ಒಂದು ಸುತ್ತು ಸುತ್ತಬೇಕು, ಮಿಕ್ಕಿದ್ದು ಮಾತ್ರ ಮುಂದೆ ಜೋತು ಬೀಳುತ್ತದೆ. ಅದೂ ಎಡ ಬಲ ಎರಡು ಕಡೆಗೆ ಹಂಚಿಹೋಗುತ್ತದೆ. ಹಾಗಾಗಿ ಮಿಕ್ಕ ಉದ್ದದ ಸುಮಾರು ಅರ್ಧದಷ್ಟು ಚೈನ್ ಕೆಳಗೆ ಬರುತ್ತದೆ. ತಂಗಿಯ ಕುತ್ತಿಗೆ 13 ಇಂಚು, ಮಿಕ್ಕಿದ್ದು 5, ಗಂಟಲ ಗುಳಿಯಿಂದ ಎರಡೂವರೆ ಇಂಚು ಕೆಳಗೆ ಬಂತು. ನಿಮಗೆ ಮಿಕ್ಕಿದ್ದು ಎರಡೂವರೆ ಇಂಚು ಮಾತ್ರ, ಒಂದೂಕಾಲು ಇಂಚು ಕೂಡ ಇಳಿದಿರಲಿಕ್ಕಿಲ್ಲ. ಅದೇ ಚೈನ್ ತಂಗಿಗೆ ಪ್ರಿನ್ಸೆಸ್, ನಿಮಗೆ ಹೆಚ್ಚುಕಡಿಮೆ ಚೋಕರ್. ಚೈನಿನಲ್ಲೂ ದೋಷ ಇಲ್ಲ, ನಿಮ್ಮ ಕುತ್ತಿಗೆಯಲ್ಲೂ ಇಲ್ಲ. ಅಂಗಡಿಯ ಫೋಟೋದಲ್ಲಿ 18 ಇಂಚು ಇಲ್ಲಿಗೆ ಬರುತ್ತದೆ ಅಂತ ತೋರಿಸುವ ಗೆರೆ ಬೇರೆ ಯಾರದೋ ಕುತ್ತಿಗೆಯ ಲೆಕ್ಕ, ಅಷ್ಟೇ.

ಗುಂಡಿನ ಸರ, ಮುತ್ತಿನ ಸರ ಆದರೆ ಇನ್ನೊಂದು ವಿಷಯ ನೋಡಬೇಕು. ಸರದ ಉದ್ದ ಅಳೆಯುವುದು ಮಣಿಯ ನಡುವಿನ ದಾರದಲ್ಲಿ. ಕುತ್ತಿಗೆಗೆ ತಾಗುವುದು ಮಣಿಯ ಒಳಬದಿ. ಮಣಿ ದಪ್ಪ ಆದಷ್ಟೂ ಒಳಗಿನ ಸುತ್ತಳತೆ ಕಡಿಮೆ. 10 ಮಿಲಿಮೀಟರ್ ಗುಂಡು ಪೋಣಿಸಿದ ಸರ ಕುತ್ತಿಗೆಯ ಸುತ್ತ ಹತ್ತಿ ಕೂತರೆ ಒಳಗೆ ಒಂದೂಕಾಲು ಇಂಚಿನಷ್ಟು ಕಡಿಮೆ ಸಿಗುತ್ತದೆ. 16 ಇಂಚಿನ ಅಂಥ ಸರ ನಿಮ್ಮ 15.5 ಇಂಚಿನ ಕುತ್ತಿಗೆಗೆ ಕೊಂಡಿಯೇ ಹತ್ತುವುದಿಲ್ಲ. ಅಂಗಡಿಯಲ್ಲಿ ಟೇಪ್ ಹಿಡಿದು 16 ಇದೆಯಲ್ಲ ಅಂತ ತೋರಿಸಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೂ ಅದು ನಿಮಗೆ ಆಗುವುದಿಲ್ಲ. ದಪ್ಪ ಮಣಿಯ ಸರ ಹಾಕಿಯೇ ನೋಡಿ ತೆಗೆದುಕೊಳ್ಳಿ.

ಇನ್ನು ಬ್ಲೌಸು. ಟೈಲರ್ ಹೇಳುವ 7 ಇಂಚು ಭುಜದ ಮೇಲಿನಿಂದ ಅಳೆದದ್ದು. ಒಡವೆಗೆ ಆ ಅಳತೆ ಉಪಯೋಗಕ್ಕೆ ಬರುವುದಿಲ್ಲ. ಬ್ಲೌಸ್ ಹಾಕಿಕೊಂಡು, ಗಂಟಲ ಗುಳಿಯಿಂದ ಬ್ಲೌಸಿನ ಅಂಚಿನವರೆಗೆ ಎಷ್ಟಿದೆ ಅಂತ ಟೇಪಿನಲ್ಲಿ ನೋಡಿ. 7 ಇಂಚಿನ ನೆಕ್ಕಿಗೆ ಸಾಮಾನ್ಯವಾಗಿ 4 ಇಂಚಿನ ಹತ್ತಿರ ಬರುತ್ತದೆ. ಒಡವೆ ಕಾಣುವ ಜಾಗ ಅದೇ.

ನಾನು ಒಂದೇ ಮಾತು ಗಟ್ಟಿಯಾಗಿ ಹೇಳುತ್ತೇನೆ: ಪದಕ ಬ್ಲೌಸಿನ ಅಂಚಿನ ಮೇಲೆ ಬಂದು ನಿಲ್ಲಬಾರದು. ಪೂರ್ತಿ ಮೈಮೇಲೆ ಇರಲಿ, ಇಲ್ಲವೇ ಪೂರ್ತಿ ಬಟ್ಟೆಯ ಮೇಲೆ ಇರಲಿ. ಅರ್ಧ ಒಳಗೆ ಅರ್ಧ ಹೊರಗೆ ಆದರೆ ನಡೆದಾಗೆಲ್ಲ ಅದು ಬ್ಲೌಸಿನ ಒಳಗೆ ಜಾರುತ್ತದೆ, ನೀವು ಇಡೀ ಮದುವೆ ಅದನ್ನೇ ಎಳೆದು ಸರಿ ಮಾಡಿಕೊಳ್ಳುತ್ತಾ ಇರುತ್ತೀರಿ. ಅಂಚಿನಲ್ಲಿ ಜರಿ ಅಥವಾ ಆರಿ ಕೆಲಸ ಇದ್ದರಂತೂ ಪದಕದ ತುದಿ ಸಿಕ್ಕಿ ದಾರ ಕಿತ್ತು ಬರುತ್ತದೆ. ಪದಕದ ತುದಿಗೂ ಅಂಚಿಗೂ ಮುಕ್ಕಾಲರಿಂದ ಒಂದು ಇಂಚು ಬಿಡಿ.

ಈಗ ಕೂಡಿಸಿ ನೋಡಿ. ಕಾಣುವ ಜಾಗ 4 ಇಂಚು. ಕೆಳಗೆ ಬಿಡಬೇಕಾದದ್ದು ಮುಕ್ಕಾಲು. ನಿಮ್ಮ ಪದಕ ಕೊಂಡಿ ಸೇರಿ 1 ಇಂಚು ಅಂತ ಇಟ್ಟುಕೊಳ್ಳೋಣ. ಚೈನ್ ಇಳಿಯಬೇಕಾದದ್ದು ಎರಡೂಕಾಲು ಇಂಚು. ಅದರ ಎರಡರಷ್ಟು ನಾಲ್ಕೂವರೆ. ಕುತ್ತಿಗೆಯ 15.5 ಸೇರಿಸಿದರೆ 20 ಇಂಚು. ನಿಮ್ಮ ಪದಕ ಒಂದೂವರೆ ಇಂಚಿನದಾದರೆ 19 ಸಾಕು. ಭಾರದ ಪದಕ ಚೈನನ್ನು ಎಳೆದು ವಿ ಆಕಾರಕ್ಕೆ ತರುತ್ತದೆ, ತುಸು ಜಾಸ್ತಿಯೇ ಇಳಿಯುತ್ತದೆ. ಗಿಡ್ಡ ಕುತ್ತಿಗೆಗೆ ಆ ವಿ ಆಕಾರ ಒಳ್ಳೆಯದು, ನೋಟವನ್ನು ಕೆಳಗೆ ಎಳೆದು ಕುತ್ತಿಗೆ ಉದ್ದ ಕಾಣುವಂತೆ ಮಾಡುತ್ತದೆ.

ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ 20 ಇಂಚಿನ ದಾರಕ್ಕೆ ಗಂಟು ಹಾಕಿ, ನಿಮ್ಮದೇ ಪದಕ ಪೋಣಿಸಿ, ಅದೇ ಬ್ಲೌಸ್ ಮೇಲೆ ಹಾಕಿಕೊಳ್ಳಿ. ನಿಂತು ನೋಡಿ, ಬಗ್ಗಿ ನೋಡಿ, ಚಾಪೆಯ ಮೇಲೆ ಕೂತು ನೋಡಿ. ಭುಜದ ಇಳಿಜಾರು, ಮೈಕಟ್ಟು ಒಬ್ಬೊಬ್ಬರದು ಒಂದೊಂದು ಥರ. ಅರ್ಧ ಇಂಚಿನ ವ್ಯತ್ಯಾಸ ಅಲ್ಲಿ ಗೊತ್ತಾಗಿಬಿಡುತ್ತದೆ.

ಸೀರೆ ಉಟ್ಟೂ ನೋಡಬೇಕು. ನೆರಿಗೆ ಹಿಡಿದು ಎಡ ಭುಜಕ್ಕೆ ಪಿನ್ ಮಾಡಿದ ಸೆರಗು ಎದೆಯ ಮೇಲೆ ಓರೆಯಾಗಿ ಹಾಯುತ್ತದೆ. 24 ಇಂಚು ದಾಟಿದ ಸರದ ಪದಕ ಹೆಚ್ಚಾಗಿ ಅದರಡಿ ಮರೆಯಾಗುತ್ತದೆ. ಉದ್ದದ ಹಾರವನ್ನು ಸೆರಗಿನ ಮೇಲೆ ತೆಗೆದು ಹಾಕಿಕೊಳ್ಳುವುದು ಅದಕ್ಕೇ. ನಿಮ್ಮ ಮಾಂಗಲ್ಯ ಸರದ ಜೊತೆಗೂ ಒಮ್ಮೆ ಹಾಕಿ ನೋಡಿ. ಎರಡು ಸರಗಳ ನಡುವೆ ಉದ್ದದಲ್ಲಿ 4 ಇಂಚಾದರೂ ವ್ಯತ್ಯಾಸ ಇರಲಿ. ಇಲ್ಲದಿದ್ದರೆ ಕರಿಮಣಿಗೂ ಚೈನಿಗೂ ಹೆಣೆದುಕೊಂಡು, ಬಿಡಿಸುವಾಗ ತೆಳು ಕೊಂಡಿ ತುಂಡಾಗುತ್ತದೆ. ಮಾಂಗಲ್ಯ ಸರ 24 ಇಂಚಿನದಾಗಿದ್ದರೆ 20 ಸರಿಯಾಗಿಯೇ ಹೊಂದುತ್ತದೆ.

ಬೇರೆ ನೆಕ್ಕುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಬೋಟ್ ನೆಕ್ ಬ್ಲೌಸಿನಲ್ಲಿ ಗಂಟಲ ಗುಳಿಯ ಕೆಳಗೆ ಜಾಗವೇ ಇರುವುದಿಲ್ಲ. 18, 20 ಇಂಚಿನವು ಸೀದಾ ಅಂಚಿನ ಮೇಲೇ ಬಂದು ಬೀಳುತ್ತವೆ. ಅದಕ್ಕೆ ಕತ್ತಿಗೆ ಹತ್ತುವ ಒಡವೆ, ಇಲ್ಲವೇ 28 ಇಂಚಿನ ಮೇಲಿನ ಹಾರ. ಮುಚ್ಚು ಕಾಲರಿನ ಕುರ್ತಾಕ್ಕೂ ಉದ್ದದ್ದೇ ಸರಿ.

ಅಡ್ಡಿಕೆಯ ಆಸೆ ಬಿಡಬೇಡಿ. ಗಿಡ್ಡ ಕುತ್ತಿಗೆಗೆ ಅಡ್ಡಿಕೆ ಬೇಡವೇ ಬೇಡ ಅಂತ ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ತೊಂದರೆ ಕೊಡುವುದು ಅದರ ಅಗಲ. ಗಿಡ್ಡ ಕುತ್ತಿಗೆಯ ಮೇಲೆ ಒಂದೂವರೆ ಇಂಚು ಅಗಲದ ಪಟ್ಟಿ ಕೂತರೆ ಕುತ್ತಿಗೆಯೇ ಮಾಯವಾಗುತ್ತದೆ. ಅಕ್ಷತೆ ಹಾಕುವಾಗ, ಊಟಕ್ಕೆ ಕೂತಾಗ ತಲೆ ಬಗ್ಗಿಸಿದರೆ ಗದ್ದಕ್ಕೆ ಒತ್ತುತ್ತದೆ. ಅರ್ಧ ಇಂಚಿನಷ್ಟು ಕಿರಿದಾದ ಅಡ್ಡಿಕೆ ನೋಡಿ. ಹಿಂದಿನ ದಾರ ಸ್ವಲ್ಪ ಸಡಿಲ ಬಿಟ್ಟು, ಕುತ್ತಿಗೆಯ ನಡುವೆ ಬಿಗಿಯುವ ಬದಲು ಕಾಲರ್ ಬೋನ್ ಮೇಲೆ ಕೂರುವ ಹಾಗೆ ಕಟ್ಟಿಕೊಳ್ಳಿ. ಮೇಲೆ ಕುತ್ತಿಗೆಯೂ ಕಾಣುತ್ತದೆ, ಕೆಳಗೆ ನಿಮ್ಮ ಅಗಲ ನೆಕ್ಕೂ ಕಾಣುತ್ತದೆ. ಆ ದಿನ 20 ಇಂಚಿನ ಚೈನ್ ಬೇಡ. ಅಡ್ಡಿಕೆ ಮತ್ತು ಮಾಂಗಲ್ಯ ಸರ ಎರಡೇ ಇರಲಿ. ತಂಗಿ ಬೇಕಿದ್ದರೆ ಅಗಲದ್ದನ್ನೇ ಹಾಕಿಕೊಳ್ಳಲಿ, ಉದ್ದ ಕುತ್ತಿಗೆಗೆ ಅದು ಒಪ್ಪುತ್ತದೆ. ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಸಾಲು ಸಾಲು ಮುತ್ತಿನ ಪಟ್ಟಿಯನ್ನು ಗದ್ದದ ಬುಡದವರೆಗೂ ತೊಡುತ್ತಿದ್ದರು, ಅವರ ನೀಳ ಕುತ್ತಿಗೆ ಅದನ್ನು ತಡೆದುಕೊಳ್ಳುತ್ತಿತ್ತು.

ಕರಗಿಸುವ ಮಾತು ಈಗ. ನಿಮ್ಮ ಚೈನ್ 18 ಇಂಚಿಗೆ 9 ಗ್ರಾಂ, ಅಂದರೆ ಇಂಚಿಗೆ ಅರ್ಧ ಗ್ರಾಂ. ನಿಮಗೆ ಬೇಕಾದದ್ದು 2 ಇಂಚು, ಅಂದರೆ 1 ಗ್ರಾಂ ಚಿನ್ನ. ಅಷ್ಟಕ್ಕಾಗಿ 9 ಗ್ರಾಂ ಕರಗಿಸಿ, ಹೊಸ ಚೈನಿನ ವೇಸ್ಟೇಜು, ಮಜೂರಿ ಪೂರ್ತಿ ಮತ್ತೆ ಕೊಡುವುದು ಯಾಕೆ? ಹಿಂದಿನ ಕೊಂಡಿಯ ಹತ್ತಿರ 2 ಇಂಚಿನ ಬ್ಯಾಕ್ ಚೈನ್ ಸೇರಿಸಲು ಹೇಳಿ. ಅದರಲ್ಲಿ ಅರ್ಧರ್ಧ ಇಂಚಿಗೆ ಒಂದು ಉಂಗುರ ಇರಲಿ. ಮುಂದೆ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಈ ಬ್ಲೌಸಿಗೆ 20ರ ಉಂಗುರಕ್ಕೆ ಹಾಕಿ, ನೆಕ್ ಮೇಲಿರುವ ಬ್ಲೌಸಿಗೆ 19ಕ್ಕೆ. ತಂಗಿ ಕೇಳಿದ ದಿನ 18ಕ್ಕೆ ಹಾಕಿ ಕೊಡಬಹುದು.

ಅಕ್ಕಸಾಲಿಗರ ಹತ್ತಿರ ಹೋದಾಗ ಮೂರು ವಿಷಯ ಕೇಳಿಕೊಳ್ಳಿ. ಚೈನ್ ಒಳಗೆ ಪೊಳ್ಳಾಗಿದೆಯಾ ಅಂತ ಕೇಳಿ. ಪೊಳ್ಳು ಚೈನಿಗೆ ಬೆಸುಗೆ ಹಾಕುವುದು ಸೂಕ್ಷ್ಮದ ಕೆಲಸ, ಕಾವು ಜಾಸ್ತಿಯಾದರೆ ಕೊಂಡಿ ಕುಸಿಯುತ್ತದೆ. ಸೇರಿಸುವ ಚಿನ್ನ ಹಳೆಯ ಚೈನಿನಷ್ಟೇ ಕ್ಯಾರೆಟ್ ಇರಲಿ ಅನ್ನಿ, ಇಲ್ಲದಿದ್ದರೆ ಬಣ್ಣ ಬೇರೆ ಕಾಣುತ್ತದೆ. ಮತ್ತು 20 ಇಂಚು ಅನ್ನುವುದು ಹುಕ್ಕಿನಿಂದ ಕೊನೆಯ ಉಂಗುರದವರೆಗೆ, ಪದಕ ಬಿಟ್ಟು ಅಂತ ಬಿಡಿಸಿ ಹೇಳಿ. ನೀವು ಗಂಟು ಹಾಕಿ ನೋಡಿದ ಆ ದಾರವನ್ನೇ ಕೈಯಲ್ಲಿ ಕೊಟ್ಟು ಬಂದರೆ ಇನ್ನೂ ಒಳ್ಳೆಯದು.