ಮೇಬಲೀನ್ ಹಾಡಿನ ಮೇಲೆ ಡಿಜೆ ಹೆಸರೇಕೆ?

“ಚಕ್ ಬೆರಿಯ ಹಳೇ ‘ಮೇಬಲೀನ್’ ರೆಕಾರ್ಡಿನಲ್ಲಿ ರಚನೆಕಾರರ ಜೊತೆ ಅಲನ್ ಫ್ರೀಡ್ ಹೆಸರೂ ಇದೆ. ಅವರು ರೇಡಿಯೋ ಡಿಜೆ ಅಲ್ಲವೇ? ಹಾಡನ್ನೂ ಬರೆದಿದ್ದರೇ?”

ಇಲ್ಲ ಸರ್, ಒಂದು ಸಾಲೂ ಬರೆದಿಲ್ಲ. ಅದು ಹಾಡನ್ನು ಪ್ರಸಾರ ಮಾಡಿಸಲು ತೆತ್ತ ಬೆಲೆ. 1955ರಲ್ಲಿ ನ್ಯೂಯಾರ್ಕಿನ ಹದಿಹರೆಯದವರು ರಾತ್ರಿ ರೇಡಿಯೋದಲ್ಲಿ ಏನು ಕೇಳಬೇಕೆಂದು ಬಹುಮಟ್ಟಿಗೆ ಫ್ರೀಡ್ ಅವರೇ ತೀರ್ಮಾನಿಸುತ್ತಿದ್ದರು. ಲಂಚದ ಲಕೋಟೆ ಒಮ್ಮೆ ಕೈ ಸೇರಿದರೆ ಮುಗಿಯಿತು. ರಚನೆಕಾರನ ಪಾಲು ಹಾಗಲ್ಲ, ರೆಕಾರ್ಡ್ ಮಾರಾಟವಾದಷ್ಟೂ ದುಡ್ಡು ಬರುತ್ತಲೇ ಇರುತ್ತದೆ. ಹಾಗಾಗಿ ಹಾಡನ್ನು ಮತ್ತೆ ಮತ್ತೆ ಹಾಕುವುದು ಡಿಜೆಗೂ ಲಾಭ. ಹೆಚ್ಚು ಕೇಳಿದ್ದನ್ನು ಹುಡುಗರು ಅಂಗಡಿಗೆ ಹೋಗಿ ಕೊಂಡರು, ಅಂಗಡಿಯ ಲೆಕ್ಕ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಗೆ ಹೋಯಿತು, ಪಟ್ಟಿ ನೋಡಿ ಬೇರೆ ಊರಿನ ಸ್ಟೇಷನ್‌ಗಳೂ ಹಾಕಿದವು. ‘ಮೇಬಲೀನ್’ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ ಐದಕ್ಕೆ ಏರಿತು. ಆದರೆ ದುಡ್ಡಿನಿಂದಲೇ ಗೆದ್ದಿತು ಎನ್ನಲಾರೆ. ಆ ಗಿಟಾರ್ ಕೇಳಿ ನೋಡಿ!

1959ರಲ್ಲಿ ‘ಪೇಓಲಾ’, ಅಂದರೆ ಹಾಡು ಹಾಕಲು ಡಿಜೆಗಳಿಗೆ ಗುಟ್ಟಾಗಿ ದುಡ್ಡು ಕೊಡುವ ಹಗರಣ ಬಯಲಾದಾಗ, ಹಣ ಪಡೆದಿಲ್ಲವೆಂಬ ಹೇಳಿಕೆಗೆ ಸಹಿ ಹಾಕಲು ಒಪ್ಪದ ಫ್ರೀಡ್ ಕೆಲಸ ಕಳೆದುಕೊಂಡರು. 1962ರಲ್ಲಿ ತಪ್ಪೊಪ್ಪಿಕೊಂಡರು. ದಂಡ ಬರೀ 300 ಡಾಲರ್, ಆದರೆ ವೃತ್ತಿ ಅಲ್ಲಿಗೆ ಮುಗಿದಿತ್ತು. ಆಮೇಲೆ ಎಷ್ಟೋ ಸ್ಟೇಷನ್‌ಗಳಲ್ಲಿ ಹಾಡು ಆರಿಸುವ ಅಧಿಕಾರ ಡಿಜೆ ಕೈಯಿಂದ ಕಾರ್ಯಕ್ರಮ ನಿರ್ದೇಶಕರಿಗೆ ಹೋಯಿತು, ಪಟ್ಟಿಯ ಹಿಡಿತ ಇನ್ನೂ ಬಿಗಿಯಾಯಿತು.

ಫ್ರೀಡ್ ಹೆಸರು ಆ ಹಾಡಿನಿಂದ ಕಳಚಿದ್ದು 1986ರಲ್ಲಿ. ನಿಮ್ಮದು ಅದಕ್ಕೂ ಹಿಂದಿನ ಪ್ರತಿ ಇರಬೇಕು.